ಗಿರಾಕಿಯ ಮನಸ್ಸನ್ನು ಅರಿಯುವ ಬಗೆ

ವಿಜಯಪುರದಿಂದ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯಲ್ಲಿ ಹೊರ್ತಿ ಎಂಬ ಊರಿದೆ. ನಿಂಬೆಗೆ ಹೆಸರಾದ ಇಂಡಿ ಸೀಮೆಯದು. ಅಲ್ಲಿಯ ಬೆಳೆಗಾರನೊಬ್ಬನು ದಲಾಲರ ಹಂಗಿಲ್ಲದೆ ಬೆಂಗಳೂರಿನ 40 ಮನೆಗಳಿಗೆ ನೇರವಾಗಿ ಹಣ್ಣಿನ ಪೆಟ್ಟಿಗೆಗಳನ್ನು ಕಳುಹಿಸುತ್ತಾನೆಂದು ಭಾವಿಸೋಣ. ವಾರದ ತರುವಾಯ ಮೊಬೈಲಿನಲ್ಲಿ ಆತನು ಕೇಳುವ ಪ್ರಶ್ನೆ ಒಂದೇ: ‘ಹಣ್ಣು ಹೇಗಿತ್ತು?’ ಬರುವ ಉತ್ತರವೂ ಒಂದೇ: ‘ಚೆನ್ನಾಗಿತ್ತು.’ ಮುಂದಿನ ತಿಂಗಳು ಅರ್ಧದಷ್ಟು ಮನೆಗಳು ಹಣ್ಣು ಬೇಡವೆನ್ನುತ್ತವೆ. ಕಾರಣ ಮಾತ್ರ ತಿಳಿಯುವುದಿಲ್ಲ.

ದೋಷವಿರುವುದು ಪ್ರಶ್ನೆಯಲ್ಲಿ. ದಾಕ್ಷಿಣ್ಯಕ್ಕೆ ಎಡೆಗೊಡುವ ಪ್ರಶ್ನೆಗೆ ದಾಕ್ಷಿಣ್ಯದ ಉತ್ತರವೇ ದೊರೆಯುತ್ತದೆ. ಇದನ್ನು ಚೆನ್ನಾಗಿ ಅರಿತಿದ್ದವರು ಸ್ಯಾಮುಯೆಲ್ ಪಾಲ್ ಮತ್ತು ಅವರ ಸಂಗಡಿಗರು. 1993ರಲ್ಲಿ ಅವರು ಬೆಂಗಳೂರಿನ ನಾಗರಿಕರನ್ನು ನೀರು, ವಿದ್ಯುತ್ತು, ದೂರವಾಣಿ ಮೊದಲಾದ ಸೇವೆಗಳ ಬಗ್ಗೆ ವಿಚಾರಿಸಿದರು. ಕಚೇರಿಗೆ ಎಷ್ಟು ಸಲ ಅಲೆದಿರಿ, ಕೆಲಸ ಆಯಿತೇ, ಲಂಚ ಕೊಡಬೇಕಾಯಿತೇ ಎಂದು ಅನುಭವಕ್ಕೆ ಬಂದ ಸಂಗತಿಗಳನ್ನೇ ಕೇಳಿದರು. ಉತ್ತರಗಳನ್ನು ಶಾಲೆಯ ಅಂಕಪಟ್ಟಿಯಂತೆ ಜೋಡಿಸಿ ಪ್ರಕಟಿಸಿದಾಗ, ನಗರಾಭಿವೃದ್ಧಿ ಪ್ರಾಧಿಕಾರದ ಬಗ್ಗೆ ತೃಪ್ತಿ ಸೂಚಿಸಿದವರು ನೂರಕ್ಕೆ ಒಬ್ಬರು ಮಾತ್ರ! ಸುಧಾರಣೆಗೆ ಸಲಹೆ ಬೇಡಿ ಮೊದಲು ಮುಂದೆ ಬಂದದ್ದೂ ಆ ಪ್ರಾಧಿಕಾರವೇ. 1999ರಲ್ಲಿಯೂ 2003ರಲ್ಲಿಯೂ ಮತ್ತೆ ಸಮೀಕ್ಷೆ ನಡೆದುದರಿಂದ ಯಾವುದು ಸುಧಾರಿಸಿತು, ಯಾವುದು ಇಲ್ಲ ಎಂಬುದು ಹೋಲಿಕೆಗೆ ಸಿಕ್ಕಿತು.

ಹೊರ್ತಿಯ ಬೆಳೆಗಾರನಿಗೂ ಇದೇ ದಾರಿ. ಪೆಟ್ಟಿಗೆ ತಲುಪಿದ ಮರುದಿನವೇ, ನೆನಪು ಮಾಸುವ ಮುನ್ನ, ಎರಡೇ ಪ್ರಶ್ನೆ ಕೇಳಬೇಕು: ಪೆಟ್ಟಿಗೆ ಯಾವ ದಿನ ತಲುಪಿತು? ಕೊಳೆತ ಹಣ್ಣು ಎಷ್ಟು? 24 ಮನೆಗಳು ಉತ್ತರಿಸಿದವೆನ್ನೋಣ. ಅವುಗಳಲ್ಲಿ 9 ಮನೆಗಳಲ್ಲಿ ಹಣ್ಣು ಕೊಳೆತಿತ್ತು. ಆ ಒಂಬತ್ತೂ ಶನಿವಾರ ಕಳುಹಿಸಿ ಮಂಗಳವಾರ ತಲುಪಿದ ಪೆಟ್ಟಿಗೆಗಳು. ಭಾನುವಾರ ಅವು ಸಾಗಣೆಯ ಗೋದಾಮಿನಲ್ಲಿ ಬಿಸಿಯುಂಡವೆಂಬ ಸಂಶಯ ಸಹಜ. ಆದುದರಿಂದ ಮುಂದಿನ ಸಲ ಸೋಮವಾರವೇ ಕಳುಹಿಸಿ, ಅವೇ ಎರಡು ಪ್ರಶ್ನೆ ಕೇಳಬೇಕು. ಕೊಳೆತ ಪೆಟ್ಟಿಗೆ ಒಂದೆರಡಕ್ಕೆ ಇಳಿದರೆ ಊಹೆ ನಿಜ. ಇಳಿಯದಿದ್ದರೆ ಕಾರಣ ಬೇರೆಡೆ ಇದೆ. ದಿನವನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದೇ ಇಲ್ಲ.

ಉಳಿದ 16 ಮನೆಗಳ ಮೌನವನ್ನು ಸಮ್ಮತಿಯೆಂದು ಬಗೆಯಬಾರದು. ಬಹಳ ಮೆಚ್ಚಿದವರೂ ಬಹಳ ಸಿಟ್ಟಾದವರೂ ತಾವಾಗಿ ಬರೆಯುತ್ತಾರೆ. ನಡುವಿನವರು ಸದ್ದಿಲ್ಲದೆ ಬೇರೆ ಅಂಗಡಿ ಹಿಡಿಯುತ್ತಾರೆ. ಅವರಲ್ಲಿ ಐದಾರು ಮನೆಗಳಿಗಾದರೂ ಫೋನು ಮಾಡಿ ವಿಚಾರಿಸುವುದು ಲೇಸು.

ಕೊನೆಗೆ ಉತ್ತರಿಸಿದವರಿಗೆ, ‘ನಿಮ್ಮ ಮಾತಿನಂತೆ ಈಗ ಸೋಮವಾರ ಕಳುಹಿಸುತ್ತಿದ್ದೇವೆ’ ಎಂಬ ಒಂದು ಸಾಲು ತಲುಪಬೇಕು. ಆ ಸಾಲು ಬಾರದಿದ್ದರೆ, ಎರಡನೆಯ ಸಲ ಕೇಳಿದಾಗ ಉತ್ತರಿಸುವವರು ವಿರಳ.