ಒಂದು ಬದಿ ಪೂರ್ತಿ ಬೆಳ್ಳಗಾದ ಎಕ್ಸ್-ರೇ

ಎಂ.ಬಿ.ಬಿ.ಎಸ್. ಮುಗಿಸಿದವರು ಮುಂದಿನ ಓದಿಗಾಗಿ ಬರೆಯುವ ನೀಟ್-ಪಿಜಿ ಪರೀಕ್ಷೆಯಲ್ಲಿ ಚಿತ್ರ ತೋರಿಸಿ ಕೇಳುವ ಪ್ರಶ್ನೆಗಳಿರುತ್ತವೆ. ಎದೆಯ ಎಕ್ಸ್-ರೇ ಅವುಗಳಲ್ಲಿ ಹಳೆಯ ಪರಿಚಯದ ಮುಖ. ಅದಕ್ಕೆ ತಯಾರಾಗಲು ಹುಡುಗರು ಅಭ್ಯಾಸದ ಪ್ರಶ್ನೆಗಳನ್ನು ರಾಶಿಗಟ್ಟಲೆ ಬಿಡಿಸುತ್ತಾರೆ. ಇಂಥ ಒಂದು ಪ್ರಶ್ನೆಯನ್ನು ಮೇಷ್ಟ್ರು ಹೇಗೆ ಕಟ್ಟುತ್ತಾರೆ ಎಂದು ನೋಡೋಣ.

ಎಕ್ಸ್-ರೇಯಲ್ಲಿ ಗಾಳಿ ಕಪ್ಪಾಗಿ ಕಾಣುತ್ತದೆ, ನೀರು ಮತ್ತು ಮಾಂಸ ಬೆಳ್ಳಗೆ ಕಾಣುತ್ತವೆ. ಹಾಗಾಗಿ ಆರೋಗ್ಯವಂತ ಶ್ವಾಸಕೋಶಗಳು ಎರಡು ಕಪ್ಪು ಹರವುಗಳು. ಈಗ ನಮ್ಮ ಮುಂದಿರುವ ಚಿತ್ರದಲ್ಲಿ ಎಡ ಶ್ವಾಸಕೋಶ ಇರಬೇಕಾದ ಜಾಗವೆಲ್ಲ ಬಿಳಿ. (ರೋಗಿ ನಮ್ಮ ಎದುರು ನಿಂತಂತೆ ಚಿತ್ರ ನೋಡುವುದು ವಾಡಿಕೆ, ಅವರ ಎಡ ನಮ್ಮ ಬಲಕ್ಕೆ ಬರುತ್ತದೆ.) ಕಾರಣ ಎರಡರಲ್ಲಿ ಒಂದಿರಬಹುದು. ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು. ಇಲ್ಲವೇ ಗಾಳಿ ಒಯ್ಯುವ ನಳಿಗೆ ಕಟ್ಟಿಕೊಂಡು, ಒಳಗಿದ್ದ ಗಾಳಿಯನ್ನು ರಕ್ತ ಹೀರಿಕೊಂಡು, ಶ್ವಾಸಕೋಶವೇ ಕುಸಿದು ಮುದುಡಿರಬಹುದು. ಬಿಳುಪು ಎರಡರಲ್ಲೂ ಒಂದೇ. ಗುಟ್ಟು ಬಿಟ್ಟುಕೊಡುವುದು ಕತ್ತಿನಿಂದ ಇಳಿಯುವ ಶ್ವಾಸನಾಳದ ಕಪ್ಪು ಪಟ್ಟಿ. ನೀರು ಹೆಚ್ಚಾದರೆ ಅದನ್ನು ಆಚೆ ಬದಿಗೆ ತಳ್ಳುತ್ತದೆ. ಕುಸಿದ ಶ್ವಾಸಕೋಶ ತನ್ನತ್ತ ಎಳೆದುಕೊಳ್ಳುತ್ತದೆ. ನಮ್ಮ ಚಿತ್ರದಲ್ಲಿ ಅದು ಎಡಕ್ಕೆ ವಾಲಿದೆ.

ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ಮೂವತ್ತು ವರ್ಷ ಬೀಡಿ ಸೇದಿದ, ತೂಕ ಇಳಿದಿರುವ, ಶ್ವಾಸನಾಳ ಎಡಕ್ಕೆ ಸರಿದಿರುವ 55ರ ಗಂಡಸಿಗೆ ಏನಾಗಿದೆ?’ ಇಲ್ಲಿ ಚಿತ್ರ ಬರೀ ಅಲಂಕಾರ. ಅದನ್ನು ಕೈಯಿಂದ ಮುಚ್ಚಿಟ್ಟು ಸಹೋದ್ಯೋಗಿಯೊಬ್ಬರಿಗೆ ಓದಿ ಹೇಳಿದರೆ ಅವರು ಸರಿಯುತ್ತರ ಕೊಟ್ಟೇಬಿಡುತ್ತಾರೆ. ಈ ಮುಚ್ಚಿ ನೋಡುವ ಪರೀಕ್ಷೆಯಲ್ಲಿ ಸೋತ ಪ್ರಶ್ನೆಯನ್ನು ತಿದ್ದಲೇಬೇಕು. ‘55ರ ಗಂಡಸಿಗೆ ಎರಡು ವಾರದಿಂದ ಉಬ್ಬಸ. ಹಿಂದೆ ಎದೆಯ ಶಸ್ತ್ರಚಿಕಿತ್ಸೆ ಆಗಿಲ್ಲ. ಚಿತ್ರಕ್ಕೆ ಹೊಂದುವ ಕಾರಣ ಯಾವುದು?’ ಇಷ್ಟು ಸಾಕು. ಶಸ್ತ್ರಚಿಕಿತ್ಸೆಯ ಮಾತು ಸುಮ್ಮನೆ ಬಂದದ್ದಲ್ಲ. ಶ್ವಾಸಕೋಶವನ್ನೇ ತೆಗೆದುಹಾಕಿದವರಲ್ಲೂ ಕಾಲಕ್ರಮೇಣ ಆ ಬದಿ ಬೆಳ್ಳಗಾಗಿ ಶ್ವಾಸನಾಳ ಅತ್ತಲೇ ಸರಿಯುತ್ತದೆ. ಆ ಬಾಗಿಲು ಮುಚ್ಚದಿದ್ದರೆ ಚುರುಕಾದ ವಿದ್ಯಾರ್ಥಿ ತಕರಾರು ತೆಗೆಯುತ್ತಾನೆ, ತೆಗೆಯಬೇಕಾದ್ದೇ.

ಆಯ್ಕೆಗಳಲ್ಲಿ ಎಡ ಶ್ವಾಸಕೋಶದ ಕುಸಿತ, ಎಡಬದಿ ತುಂಬಿದ ನೀರು, ಇಡೀ ಎಡ ಶ್ವಾಸಕೋಶದ ನ್ಯುಮೋನಿಯಾ ಇರಲಿ. ಬಹಳ ಜನ ನಾಲ್ಕನೆಯದಾಗಿ ನ್ಯುಮೋಥೊರಾಕ್ಸ್ ಸೇರಿಸುತ್ತಾರೆ. ಎದೆಗೂಡಿನೊಳಗೆ ಗಾಳಿ ಸೋರುವ ಆ ಸ್ಥಿತಿಯಲ್ಲಿ ಚಿತ್ರ ಕಪ್ಪಾಗುತ್ತದೆ. ಬಿಳಿ ಚಿತ್ರ ಕಂಡವರು ಯಾರೂ ಅದನ್ನು ಆರಿಸುವುದಿಲ್ಲ. ಜಾಗ ತುಂಬಿಸುವ ಆಯ್ಕೆಗಿಂತ ಮೂರೇ ಆಯ್ಕೆ ವಾಸಿ.

ಉತ್ತರದ ಪುಟದಲ್ಲಿ ‘ಎಡ ಶ್ವಾಸಕೋಶದ ಕುಸಿತ’ ಎಂದಷ್ಟೇ ಬರೆದರೆ ಅರ್ಧ ಕೆಲಸವೂ ಆಗಲಿಲ್ಲ. ತಪ್ಪಿದವನಿಗೆ ತಾನು ಆರಿಸಿದ್ದು ಏಕೆ ಸಲ್ಲದು ಎಂಬುದು ಬೇಕು. ನೀರು ಈ ಪ್ರಮಾಣದಲ್ಲಿದ್ದರೆ ಶ್ವಾಸನಾಳ ಬಲಕ್ಕೆ ಹೋಗಬೇಕಿತ್ತು. ನ್ಯುಮೋನಿಯಾದಲ್ಲಿ ಅದು ಹೆಚ್ಚುಕಡಿಮೆ ನಡುವೆಯೇ ಇರುತ್ತದೆ, ಬಿಳುಪಿನೊಳಗೆ ಗಾಳಿ ತುಂಬಿದ ಕವಲುಗಳು ಕಪ್ಪು ಗೆರೆಗಳಾಗಿ ಕಾಣುವುದೂ ಉಂಟು. ಕಲಿಯಬೇಕಾದ ಅಂಶ ಒಂದೇ ಇರಲಿ: ಪೂರ್ತಿ ಬಿಳಿ ಬದಿ ಕಂಡಾಗ ಮೊದಲು ಶ್ವಾಸನಾಳ ನೋಡು. ಕುಸಿತವನ್ನು ನೀರೆಂದು ತಿಳಿದು ಸೂಜಿ ಹಾಕಿದರೆ, ಎಡಕ್ಕೆ ಸರಿದ ಹೃದಯವೋ ವಪೆಯೊಂದಿಗೆ ಮೇಲೇರಿದ ಗುಲ್ಮವೋ ಅದಕ್ಕೆ ಸಿಕ್ಕೀತು. ಸೂಜಿಗೆ ಮುಂಚೆ ಅಲ್ಟ್ರಾಸೌಂಡ್ ಮಾಡುವುದು ಇದಕ್ಕೇ.

ಈ ನಿಯಮಕ್ಕೂ ಮಿತಿಯುಂಟು, ಅದನ್ನು ಉತ್ತರದಲ್ಲೇ ಹೇಳಿಬಿಡಬೇಕು. ಗಡ್ಡೆಯೊಂದು ನಳಿಗೆಯನ್ನೂ ಕಟ್ಟಿ ನೀರನ್ನೂ ತುಂಬಿಸಿದರೆ ಎಳೆತ, ತಳ್ಳಾಟ ಸರಿಸಮವಾಗಿ ಶ್ವಾಸನಾಳ ನಡುವೆಯೇ ನಿಲ್ಲಬಹುದು. ರೋಗಿ ಸ್ವಲ್ಪ ತಿರುಗಿ ನಿಂತಿದ್ದರೂ ಅದು ವಾಲಿದಂತೆ ಕಾಣುತ್ತದೆ. ಎರಡೂ ಕಾಲರ್ ಬೋನ್‌ಗಳ ಒಳತುದಿಗಳು ಬೆನ್ನುಹುರಿಯ ಮೂಳೆಯ ಮುಳ್ಳಿನಿಂದ ಸಮದೂರದಲ್ಲಿವೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ; ಇಲ್ಲದಿದ್ದರೆ ಆ ಚಿತ್ರ ಈ ಪ್ರಶ್ನೆಗೆ ಬೇಡ. ಎಕ್ಸ್-ರೇಯೊಂದನ್ನೇ ನಂಬಿ ಉತ್ತರ ಬರೆಯುವುದೂ ಸರಿಯಲ್ಲ. ಸಿ.ಟಿ. ಸ್ಕ್ಯಾನ್ ಅಥವಾ ಬ್ರಾಂಕೋಸ್ಕೋಪಿಯಲ್ಲಿ ಕುಸಿತ ಖಚಿತವಾದ ಚಿತ್ರವನ್ನೇ ಆರಿಸಬೇಕು.

ಕೊನೆಗೆ ಮೂಲೆಯಲ್ಲಿ ಅಚ್ಚಾದ ರೋಗಿಯ ಹೆಸರು, ಆಸ್ಪತ್ರೆಯ ಸಂಖ್ಯೆ, ತಾರೀಖು. ಇವು ಚಿತ್ರದೊಳಗಷ್ಟೇ ಅಲ್ಲ, ಫೈಲಿನ ಒಡಲಿನಲ್ಲೂ ಅಡಗಿರುತ್ತವೆ. ಎರಡೂ ಕಡೆಯಿಂದ ತೆಗೆಯಬೇಕು. ಹೆಸರು ಕತ್ತರಿಸುವ ಭರದಲ್ಲಿ ಪಕ್ಕದ ‘ಎಲ್’ ಗುರುತು ಮಾತ್ರ ಹೋಗಬಾರದು. ಅದಿಲ್ಲದೆ ಎಡ ಯಾವುದು, ಬಲ ಯಾವುದು ಎಂದು ಖಚಿತವಾಗಿ ಹೇಳಲಾಗದು.