ಹಣ ಬಂತು, ಆದರೆ ಯಾವ ಬಿಲ್ಲಿಗೆ?

ಚನ್ನಪಟ್ಟಣದ ಮರದ ಆಟಿಕೆಗಳನ್ನು ಅಮೆರಿಕಕ್ಕೆ ಕಳಿಸುವ ಒಬ್ಬ ಸಣ್ಣ ರಫ್ತುದಾರರನ್ನು ಊಹಿಸಿಕೊಳ್ಳಿ. ಅಲ್ಲಿನ ಗಿರಾಕಿಯಿಂದ ಎರಡು ಇನ್‌ವಾಯ್ಸ್‌ಗಳ ಹಣ ಬರಬೇಕಿದೆ: 41ನೆಯದಕ್ಕೆ 2,400 ಡಾಲರ್, 44ನೆಯದಕ್ಕೆ 1,850 ಡಾಲರ್. ಒಟ್ಟು 4,250. ಒಂದು ದಿನ ಬ್ಯಾಂಕಿನಿಂದ ಸಂದೇಶ ಬರುತ್ತದೆ: 4,113 ಡಾಲರ್ ಬಂದಿದೆ. ಉಳಿದ 137 ಡಾಲರ್ ಎಲ್ಲಿ?

ಬ್ಯಾಂಕ್ ಸಂದೇಶದಲ್ಲಿ ಉತ್ತರ ಸಿಗುವುದು ಕಷ್ಟ. ವಿದೇಶಿ ಪಾವತಿಗಳಿಗೆ ಬಹುಕಾಲ ಬಳಕೆಯಲ್ಲಿದ್ದ ಸ್ವಿಫ್ಟ್ ಎಂಟಿ103 ನಮೂನೆಯಲ್ಲಿ ವಿವರ ಬರೆಯಲು ಇದ್ದದ್ದು ತಲಾ 35 ಅಕ್ಷರಗಳ ನಾಲ್ಕೇ ಸಾಲು. ಎಷ್ಟೋ ಗಿರಾಕಿಗಳು ಅದನ್ನೂ ತುಂಬುವುದಿಲ್ಲ. ಹಾಗಾಗಿ ಗಿರಾಕಿಯಿಂದಲೇ ರೆಮಿಟೆನ್ಸ್ ಅಡ್ವೈಸ್ ಕೇಳಬೇಕು. ಯಾವ ಇನ್‌ವಾಯ್ಸ್‌ಗೆ ಎಷ್ಟು ಕೊಟ್ಟೆವು, ಏನನ್ನು ಮುರಿದುಕೊಂಡೆವು, ಒಟ್ಟು ಎಷ್ಟು ಕಳಿಸಿದೆವು ಎಂದು ತಿಳಿಸುವ ಒಂದು ಪುಟದ ಪಟ್ಟಿ ಅದು.

ಕೇಳಬೇಕಾದದ್ದು ಸರಕು ಖರೀದಿಸಿದ ವ್ಯಕ್ತಿಯನ್ನಲ್ಲ, ಅವರ ಲೆಕ್ಕಪತ್ರ ವಿಭಾಗವನ್ನು. ಹಣ ಬಂದ ದಿನವೇ ಬರೆದರೆ ಒಳ್ಳೆಯದು, ತಿಂಗಳಾದ ಮೇಲೆ ಅವರಿಗೂ ಹುಡುಕುವ ಕೆಲಸ. ಇಮೇಲ್ ಚಿಕ್ಕದಿರಲಿ: ಹಣ ಬಂದ ದಿನಾಂಕ, ಬಂದ ಮೊತ್ತ, ಬ್ಯಾಂಕಿನ ಉಲ್ಲೇಖ ಸಂಖ್ಯೆ, ಬಾಕಿ ಇರುವ ಎರಡು ಇನ್‌ವಾಯ್ಸ್‌ಗಳು. ಆಮೇಲೆ, "ಈ ಪಾವತಿಯ ರೆಮಿಟೆನ್ಸ್ ಅಡ್ವೈಸ್ ಕಳಿಸಿಕೊಡಿ, ಕಡಿತವಿದ್ದರೆ ಅದರ ಕಾರಣವನ್ನೂ ತಿಳಿಸಿ" ಎಂಬ ಒಂದು ಮಾತು ಸಾಕು. ನಮ್ಮ ಖಾತೆ ಸಂಖ್ಯೆಯನ್ನು ಇದರಲ್ಲಿ ಮತ್ತೆ ಬರೆಯಬಾರದು. ಖಾತೆ ಬದಲಾಗಿದೆ ಎಂದು ನಕಲಿ ಇಮೇಲ್ ಕಳಿಸಿ ಹಣ ದೋಚುವವರಿದ್ದಾರೆ. ಎಚ್ಚರವಿರುವ ಗಿರಾಕಿ ಅಂಥ ಪತ್ರ ಕಂಡರೆ ಉತ್ತರಿಸುವುದನ್ನೇ ನಿಲ್ಲಿಸಬಹುದು.

ನಮ್ಮ ಉದಾಹರಣೆಯಲ್ಲಿ ಬಂದ ಪಟ್ಟಿ ಹೀಗಿದೆ ಎನ್ನೋಣ: 41ನೆಯದರಲ್ಲಿ ಒಡೆದ ಆಟಿಕೆಗಳಿಗಾಗಿ 112 ಡಾಲರ್ ಕಡಿತ, 44ನೆಯದಕ್ಕೆ ಪೂರ್ತಿ ಹಣ, ಕಳಿಸಿದ್ದು 4,138. ಈಗ ಗಂಟು ಬಿಚ್ಚಿತು. ಕಳಿಸಿದ 4,138ಕ್ಕೂ ಬಂದ 4,113ಕ್ಕೂ ಇರುವ 25 ಡಾಲರ್ ವ್ಯತ್ಯಾಸ ದಾರಿಯಲ್ಲಿನ ಬ್ಯಾಂಕುಗಳು ಹಿಡಿದುಕೊಂಡ ಶುಲ್ಕ. ಪಟ್ಟಿ ಇಲ್ಲದಿದ್ದರೆ 137 ಡಾಲರನ್ನೂ ಬ್ಯಾಂಕ್ ಶುಲ್ಕವೆಂದು ಬರೆದುಬಿಡುವ ಸಾಧ್ಯತೆ ಇತ್ತು.

ಎರಡನ್ನೂ ಬೇರ್ಪಡಿಸುವುದು ಪುಸ್ತಕದ ಅಂದಕ್ಕಾಗಿ ಅಲ್ಲ. ರಫ್ತಾದ ಸರಕಿನ ಶಿಪ್ಪಿಂಗ್ ಬಿಲ್ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ವ್ಯವಸ್ಥೆಯಲ್ಲಿ ದಾಖಲಾಗಿರುತ್ತದೆ. ಬಂದ ಹಣವನ್ನು ಅದಕ್ಕೆ ಜೋಡಿಸುವವರೆಗೆ ಆ ಬಿಲ್ ಬಾಕಿಯೆಂದೇ ಕಾಣುತ್ತದೆ. ಯಾವ ಹಣ ಯಾವ ಬಿಲ್ಲಿಗೆ ಎಂದು ರಫ್ತುದಾರರೇ ತಮ್ಮ ಬ್ಯಾಂಕಿಗೆ ತಿಳಿಸಬೇಕು. ಒಡೆದ ಸರಕಿನ ಕಡಿತಕ್ಕೆ ಬ್ಯಾಂಕ್ ಪುರಾವೆ ಕೇಳಿದಾಗ, ಗಿರಾಕಿಯ ಆ ಪಟ್ಟಿಯನ್ನೂ ಒಡೆದ ಆಟಿಕೆಗಳ ಬಗ್ಗೆ ನಡೆದ ಪತ್ರವ್ಯವಹಾರವನ್ನೂ ಒಟ್ಟಿಗೆ ಕೊಡಬಹುದು.