ಖಚಿತವಾಗದ ಸುದ್ದಿಗೆ ಫ್ರೆಂಚರ ಕ್ರಿಯಾರೂಪ

ಪ್ಯಾರಿಸ್ಸಿನ ಕೆಫೆಯಲ್ಲಿ ‘ಝ ವುದ್ರೆ ಅಂ ಕಫೆ’ ಅಂದರೆ ಕಾಫಿಯನ್ನು ವಿನಯದಿಂದ ಕೇಳಿದಂತೆ. ‘ವು’ ಎಂಬ ಬಹುವಚನದೊಂದಿಗೆ ‘ದೆವ್ರಿಯೆ’ ಸೇರಿದರೆ ಅದು ಸಲಹೆ: ‘ನೀವು ವೈದ್ಯರಿಗೆ ತೋರಿಸಿದರೆ ಒಳ್ಳೆಯದು.’ ಎರಡೂ ‘ಕೊಂದಿಸಿಯೊನೆಲ್’ ರೂಪಗಳೇ. ಭವಿಷ್ಯತ್ಕಾಲದ ಧಾತುವಿಗೆ ಭೂತಕಾಲದ ಪ್ರತ್ಯಯ ಹಚ್ಚಿದರೆ ಇದು ಸಿದ್ಧ.

ನನಗೆ ಹೆಚ್ಚು ಹಿಡಿಸುವುದು ಪತ್ರಿಕೆಗಳು ಇದನ್ನು ಬಳಸುವ ಬಗೆ. ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟ ಸುದ್ದಿ ಹಬ್ಬಿದೆ, ದೃಢಪಟ್ಟಿಲ್ಲ ಅನ್ನಿ. ಆಗ ವರದಿಗಾರ ‘ಲ ಮಿನಿಸ್ತ್ರ್ ಒರೆ ದೆಮಿಸಿಯೊನೆ’ ಎಂದು ಬರೆಯುತ್ತಾನೆ. ನಮ್ಮ ‘ಕೊಟ್ಟರಂತೆ’ಗೆ ತೀರಾ ಹತ್ತಿರ. ಸುದ್ದಿ ಖಚಿತವಾದ ಕೂಡಲೇ ‘ಒರೆ’ ಹೋಗಿ ‘ಆ’ ಬರುತ್ತದೆ: ‘ಕೊಟ್ಟಿದ್ದಾರೆ.’ ಹೊಸದಾಗಿ ಕಲಿಯುವವರು ಮೊದಲನೆಯದನ್ನು ‘ಕೊಡುತ್ತಿದ್ದರು, ಆದರೆ ಕೊಡಲಿಲ್ಲ’ ಎಂದು ಓದಿಬಿಡುತ್ತಾರೆ. ವಾಕ್ಯದಲ್ಲಿ ‘ಸಿ’ (ಆದರೆ, ಹೋದರೆ ಎಂಬರ್ಥದ ಷರತ್ತು) ಇದೆಯೇ ಎಂದು ನೋಡಬೇಕು. ಷರತ್ತಿಲ್ಲದೆ, ‘ಸಲೋಂ’ ಎಂದು ಮೂಲವನ್ನು ಹೆಸರಿಸಿದ್ದರೆ ಅದು ಬಹುಮಟ್ಟಿಗೆ ಕೇಳಿಬಂದ ಸುದ್ದಿ.

ಈ ರೂಪ ಬಳಸಿದ ಮಾತ್ರಕ್ಕೆ ಪತ್ರಕರ್ತನಿಗೆ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಸಂದೇಹದ ಧಾಟಿಯಲ್ಲಿ ಹೇಳಿದ್ದರೂ ಮಾನಹಾನಿ ಶಿಕ್ಷಾರ್ಹ ಎಂದು ಫ್ರಾನ್ಸಿನ 1881ರ ಪತ್ರಿಕಾ ಕಾಯ್ದೆಯೇ ಹೇಳುತ್ತದೆ.